ಮಕ್ಕಳಿಲ್ಲದವಳ ವಂಕಿ

ಯಾವಾಗಿನಿಂದ ಶುರುವಾಯಿತು ಎಂದು ದಾವಣಗೆರೆಯ ಡಾಕ್ಟರ್ ಕೇಳಿದಾಗ ನಾನು ಒಂದು ಕಥೆ ಹೇಳಿದೆ. ಮದುವೆಯಾಗಿ ಎರಡು ವರ್ಷಕ್ಕೆ ಗರ್ಭ ನಿಂತಿತು, ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಆಮೇಲೆ ಮುಟ್ಟು ಜೋರಾಯಿತು, ನೋವು ಸೇರಿಕೊಂಡಿತು, ಮತ್ತೆ ಗರ್ಭ ನಿಲ್ಲಲಿಲ್ಲ. ಹೇಳುತ್ತಿರುವಾಗಲೇ ಇದು ತೀರಾ ಸರಳವಾಗಿದೆ ಅನ್ನಿಸಿತು. ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳ ಹಾಗೆ. ಪಕ್ಕದಲ್ಲಿ ಕೂತಿದ್ದ ಅತ್ತೆ ತಡೆದರು.

“ಹಂಗಲ್ರಿ ಮೇಡಂ. ಅದಕಿಂತ ಮೊದ್ಲ ಇತ್ತು. ಬಂದ ಹೊಸದರಾಗ ಹೊಟ್ಟಿ ಹಿಡಕೊಂಡು ಹಿತ್ತಲದಾಗ ಕುಂತಿದ್ದು ನಾ ಕಂಡೀನಿ.”

“ಅದು ನಾನಲ್ಲ ಅತ್ತಿ, ನಿಮ್ಮ ಮಗಳು.”

“ನನ್ನ ಮಗಳ್ನ ನಾ ಗುರ್ತು ಹಿಡಿಯಂಗಿಲ್ಲೇನು?”

ಡಾಕ್ಟರ್ ಪೆನ್ನು ಎತ್ತಿ ಹಿಡಿದು ಇಬ್ಬರನ್ನೂ ನೋಡಿದರು. ಪ್ರತಿ ತಿಂಗಳೂ ಸರಿಯಾಗಿ ಆಗುತ್ತಿತ್ತೇ ಎಂಬ ಪ್ರಶ್ನೆಗೂ ಉತ್ತರ ಕೂಡಿಬರಲಿಲ್ಲ. ಯಾರದೋ ಮದುವೆ, ಯಾರದೋ ಮನೆ ಪ್ರವೇಶ ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಗುಳಿಗೆ ತರಿಸಿ ನುಂಗುವುದು ನಮ್ಮ ಕಡೆ ಸಾಮಾನ್ಯ. ನಾನೂ ನುಂಗಿದ್ದೆ. ದೇಹದ ಲೆಕ್ಕವನ್ನು ಗುಳಿಗೆ ತಿದ್ದಿತ್ತು, ಗುಳಿಗೆಯ ಲೆಕ್ಕವನ್ನು ನಾನು ಮರೆತಿದ್ದೆ. ಕೊನೆಗೆ ಡಾಕ್ಟರ್ ಪೆನ್ನು ಕೆಳಗಿಟ್ಟು, “ಒಳಗೇನಿದೆ, ನಾನೇ ನೋಡ್ತೀನಿ ಬನ್ನಿ” ಎಂದು ಸ್ಕ್ಯಾನಿನ ಕೋಣೆಗೆ ಕರೆದರು.

ಅದಕ್ಕೂ ಮೊದಲು ಏನಾಗಿತ್ತು ಎಂಬುದನ್ನು ಹೇಳಬೇಕು. ಹೇಳುವಾಗ ಅದೂ ಕಥೆಯಾಗುತ್ತದೆ, ಬೇರೆ ದಾರಿಯಿಲ್ಲ.

ನನ್ನ ತವರು ಕೂಡ್ಲಿಗಿ, ಗಂಡನ ಮನೆ ಕೊಟ್ಟೂರು. ಗಂಡನದು ಹಾರ್ಡ್‌ವೇರ್ ಅಂಗಡಿ: ಪೈಪು, ನಲ್ಲಿ, ಬಣ್ಣ, ಸಿಮೆಂಟು. ನಾನು ಕೋಗಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮುಟ್ಟಾದವರು ಹೊರಗೆ ಕೂರಬೇಕೆಂಬ ಕಟ್ಟು ಮನೆಯಲ್ಲಿಲ್ಲ. ಆದರೆ ದೇವರ ಜಗಲಿ ಮುಟ್ಟುವಂತಿಲ್ಲ. ಅತ್ತೆಗೆ ಮೊಣಕಾಲು, ಸೊಂಟ ಎರಡೂ ನೋವಾದ್ದರಿಂದ ಬೆಳಿಗ್ಗೆ ಜಗಲಿ ಒರೆಸಿ ದೀಪ ಹಚ್ಚುವುದು ನನ್ನ ಪಾಲಿನ ಕೆಲಸ. ಜಗಲಿ ಬಾಗಿಲಿಗೆ ನೇರ ಎದುರು. ಯಾವ ದಿನ ಅತ್ತೆ ಗೋಡೆ ಹಿಡಿದುಕೊಂಡು ಬಗ್ಗಿ ದೀಪ ಹಚ್ಚುತ್ತಾರೋ ಆ ದಿನ ನಾನು ಮುಟ್ಟಾಗಿದ್ದೇನೆ ಎಂಬುದು ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಎದುರು ಮನೆಯಾಕೆಗೆ ಎಲ್ಲರಿಗಿಂತ ಮೊದಲು.

ವರ್ಷ ಕಳೆದಂತೆ ಅತ್ತೆ ದೀಪ ಹಚ್ಚುವ ದಿನಗಳು ಹೆಚ್ಚಾದವು.

“ಏನಕ್ಕಾ, ಇನ್ನೂ ಸೊಸಿ ತಲಿ ಮ್ಯಾಲೆ ನೀರು ಬಿದ್ದಿಲ್ಲೇನು?” ಎಂದು ಎದುರು ಮನೆಯಾಕೆ ರಂಗೋಲಿ ಹಾಕುತ್ತಲೇ ಕೇಳುವಳು.

“ನಿನ್ನ ಮನೀ ದೀಪ ನೀ ನೋಡ್ಕೆಳ್ಳವ್ವ” ಎಂದು ಅತ್ತೆ ಬಾಗಿಲು ಮುಂದೆ ಮಾಡುವರು.

ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. ಕಪ್ಪು, ಕಡುಗೆಂಪು ಬಣ್ಣದ ಸೀರೆಗಳನ್ನು ಮಾತ್ರ ಉಡುತ್ತಿದ್ದೆ. ಪಾಠದ ನಡುವೆ ಗಡ್ಡೆ ಗಡ್ಡೆಯಾಗಿ ಹೋಗುವುದು ತಿಳಿಯುತ್ತಿತ್ತು. ಆಗ ಬೋರ್ಡಿಗೆ ಬೆನ್ನು ಒತ್ತಿ ನಿಂತು ಮಕ್ಕಳಿಗೆ ಓದಲು ಹೇಳುತ್ತಿದ್ದೆ. ಒಮ್ಮೆ ರಕ್ತ ಪರಿಚಲನೆಯ ಪಾಠ ಮಾಡುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಬೆಳಕಿನ ಪಾಠವಾಗಿತ್ತು ಎಂದು ಸಹೋದ್ಯೋಗಿಯೊಬ್ಬರು ಈಚೆಗೆ ತಿದ್ದಿದರು. ಬಿದ್ದದ್ದು ಮಾತ್ರ ನಿಜ. ಹಿಮೋಗ್ಲೋಬಿನ್ ಏಳಕ್ಕೂ ಕೆಳಗಿತ್ತು.

ಹೊಸಪೇಟೆಯಲ್ಲಿ ತೋರಿಸಿದೆವು. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ, ಗರ್ಭಕೋಶದ ಹಿಂಭಾಗದ ಗೋಡೆಯಲ್ಲಿ ದೊಡ್ಡ ಫೈಬ್ರಾಯ್ಡ್ ಇದೆ, ಅಂದರೆ ಮಾಂಸದ ಗಂಟು, ಎಂದರು. ಕ್ಯಾನ್ಸರ್ ಅಲ್ಲ. ಹೊಟ್ಟೆ ಕೊಯ್ದು ಗಂಟು ತೆಗೆದು ಗರ್ಭಕೋಶ ಉಳಿಸಬಹುದು. ಆಮೇಲೆ ಮಕ್ಕಳೂ ಆಗಬಹುದು. ಇಲ್ಲವೇ ಗರ್ಭಕೋಶವನ್ನೇ ತೆಗೆದರೆ ಮುಂದೆ ಇದರ ಕಾಟವೇ ಇಲ್ಲ. ಯಾವುದು ಬೇಕೋ ಮನೆಯಲ್ಲಿ ಮಾತಾಡಿಕೊಂಡು ಬನ್ನಿ.

ಮನೆಯಲ್ಲಿ ಮಾತಾಡುವುದೆಂದರೆ ಅತ್ತೆ ಮಾತಾಡುವುದು. ಬೇರೆ ಅತ್ತೆಯರ ಹಾಗೆ ಮೊಮ್ಮಗನಿಗಾಗಿ ಹಟ ಹಿಡಿಯುತ್ತಾರೆಂದು ನಾನು ಕಾದೆ. ಅವರು ಹಿಡಿದದ್ದು ಬೇರೆ ಹಟ.

“ಚೀಲ ತಗಿಸಿ ಒಗದುಬಿಡು. ನಾ ನಿನಗಿಂತ ಸಣ್ಣಾಕಿ ಇದ್ದೆ ತಗಿಸಿದಾಗ. ನನ್ನ ತಂಗಿ ತಗಿಸ್ಯಾಳ, ನನ್ನ ನಾದಿನಿ ತಗಿಸ್ಯಾಳ. ಯಾರು ಸತ್ತಾರ?”

“ನಿಮಗೆ ಮಕ್ಕಳಾಗಿದ್ವು ಅತ್ತಿ.”

“ಆಗಿದ್ವು. ಅವ್ನೇನು ದಿನಾ ನನ್ನ ಕಾಲು ಒತ್ತಾಕ ಹತ್ಯಾನೇನು?” ಎಂದು ಊಟಕ್ಕೆ ಕೂತಿದ್ದ ಮಗನ ಕಡೆ ತೋರಿಸಿದರು. ನನ್ನ ಗಂಡ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದರು.

ನನಗೆ ಮಗು ಬೇಕಿತ್ತು. ಇದೊಂದನ್ನು ಮಾತ್ರ ನೆನಪಿನ ಮೇಲೆ ಹೊರಿಸದೆ ಹೇಳಬಲ್ಲೆ, ಏಕೆಂದರೆ ಈಗಲೂ ಬೇಕು. ಆದರೆ ಮಗು ಬೇಕೆನ್ನುವ ಬಾಯಿಂದಲೇ ಈ ರಕ್ತ ಸಾಕೆಂದೂ ಅನ್ನುತ್ತಿದ್ದೆ. ಎರಡನ್ನೂ ಹಿಡಿದಿಟ್ಟುಕೊಂಡದ್ದು ಒಂದೇ ಅಂಗ. ಗಂಡನನ್ನು ಕೇಳಿದಾಗ, “ಏನ್ ಮಾಡ್ತಿ ಮಾಡು” ಎಂದರು. ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ, ದಾವಣಗೆರೆಯ ಬಸ್ಸಿಗೆ ಕಾಯುವಾಗ ಹೇಳಿದ್ದು. ಆ ದಿನ ಅದು ದೊಡ್ಡ ಮನಸ್ಸಿನ ಮಾತಾಗಿ ಕೇಳಿತು. ಮರುದಿನ ಅದೇ ಮಾತು ಕೈ ತೊಳೆದುಕೊಂಡ ಹಾಗೆ ಕೇಳಿತು. ಅವರು ಹೇಳಿದ ಧಾಟಿ ಈಗ ನೆನಪಿಲ್ಲ. ಎರಡೂ ಸಲ ನಾನೇ ಅದಕ್ಕೆ ದನಿ ಕೊಟ್ಟಿದ್ದೆ.

ಗಂಟು ತೆಗೆಸಿ ಗರ್ಭಕೋಶ ಉಳಿಸಿಕೊಳ್ಳುವುದೆಂದು ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ದಾವಣಗೆರೆಗೆ ಹೋಗಿದ್ದು. ಕೊಯ್ಯುವ ಮೊದಲು ಇನ್ನೊಬ್ಬರ ಮಾತು ಕೇಳೋಣ ಎಂದಷ್ಟೇ.

ಅಲ್ಲಿನ ಡಾಕ್ಟರ್ ವಯಸ್ಸಾದ ಹೆಂಗಸು. ಒಳಗಿನಿಂದ ಸ್ಕ್ಯಾನ್ ಮಾಡಿದರು, ಬಹಳ ಹೊತ್ತು ಮಾಡಿದರು, ಎಂಆರ್‌ಐ ಬರೆದುಕೊಟ್ಟರು. ಅದರ ಚಿತ್ರಗಳು ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡರು.

“ಹಿಂದಿನ ಗೋಡೆಯಲ್ಲಿರೋದು ಗಂಟಲ್ಲ. ಗಂಟು ಅಂದ್ರೆ ಸಿಪ್ಪೆ ಒಳಗಿನ ಶೇಂಗಾ ಕಾಳಿದ್ದ ಹಾಗೆ, ಅಂಚಿರುತ್ತೆ, ಬಿಡಿಸಿ ತೆಗೀಬಹುದು. ಇದಕ್ಕೆ ಅಂಚೇ ಇಲ್ಲ. ಗರ್ಭಕೋಶದ ಒಳಪದರ ಗೋಡೆಯ ಮಾಂಸದೊಳಗೆ ಇಳಿದುಬಿಟ್ಟಿದೆ. ಅಡಿನೋಮಯೋಸಿಸ್ ಅಂತೀವಿ. ಅದಕ್ಕೇ ಗೋಡೆ ದಪ್ಪ ಆಗಿ ಇಷ್ಟು ನೋವು.”

ಅತ್ತೆ ಮುಂದೆ ಬಾಗಿದರು. “ಸವುಳು ಹತ್ತಿದ ಗ್ವಾಡಿ ಹಂಗೇನ್ರಿ, ಉಪ್ಪು ಒಳಗ ಇಳದಂಗ?”

“ಹಾಗೇ ಅನ್ಕೊಳ್ಳಿ.”

“ಹಂಗಾದ್ರ ಸವುಳು ಹತ್ತಿದ ಗ್ವಾಡಿ ಕೆರದ್ರ ಹೋಗಂಗಿಲ್ರಿ. ಕೆಡವೋದ ಬೇಷು.”

ಡಾಕ್ಟರ್ ನಕ್ಕರು. “ಕೆಡವಬಹುದು. ಆದ್ರೆ ಆ ಮನೆಗೆ ಯಾರೋ ಬರಲಿ ಅಂತ ನಿಮ್ಮ ಸೊಸೆ ಕಾಯ್ತಾ ಇದಾರಲ್ಲ?”

ಇನ್ನೊಂದು ವಿಷಯವನ್ನು ಹೊಸಪೇಟೆಯಲ್ಲಿ ಯಾರೂ ಹೇಳಿರಲಿಲ್ಲ. ಗರ್ಭಕೋಶದ ಪೊಳ್ಳಿನೊಳಕ್ಕೆ ಚಾಚಿದ ಒಂದು ಚಿಕ್ಕ ಫೈಬ್ರಾಯ್ಡ್ ಕೂಡ ಇತ್ತು. ಗಂಟಿನ ಗಾತ್ರಕ್ಕಿಂತ ಅದು ಕೂತ ಜಾಗ ಮುಖ್ಯ ಎಂದರು ಡಾಕ್ಟರ್. ಹೊರಮೈಗೆ ಅಂಟಿದ ದೊಡ್ಡ ಗಂಟು ಇದ್ದರೂ ಎಷ್ಟೋ ಜನ ಸುಮ್ಮನೆ ಹೆರುತ್ತಾರೆ. ಒಳಕ್ಕೆ ಚಾಚಿದ್ದು ಚಿಕ್ಕದಾದರೂ ರಕ್ತ ಹರಿಸುತ್ತದೆ, ಗರ್ಭ ಅಂಟಿಕೊಳ್ಳಲು ಬಿಡುವುದಿಲ್ಲ. ಅದನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಕ್ಯಾಮೆರಾ ಹಾಕಿ ಕೆತ್ತಿ ತೆಗೆಯಬಹುದು.

“ಮತ್ತ ಆ ಗ್ವಾಡಿ?” ಅತ್ತೆ ಬಿಡಲಿಲ್ಲ.

ಗೋಡೆಯ ಕೆಟ್ಟ ಭಾಗವನ್ನು ಕೊಯ್ದು ತೆಗೆಯುವವರೂ ಇದ್ದಾರೆ. ಆದರೆ ಎಲ್ಲಿಗೆ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ, ಒಳ್ಳೆಯ ಮಾಂಸವೂ ಹೋಗುತ್ತದೆ, ಮುಂದೆ ಬಸುರಿಯಾದಾಗ ಆ ಹೊಲಿಗೆ ಬಿರಿಯುವ ಭಯವಿದೆ. ಗರ್ಭಕೋಶಕ್ಕೆ ಹೋಗುವ ರಕ್ತನಾಳವನ್ನೇ ಮುಚ್ಚುವ ಚಿಕಿತ್ಸೆಯಿದೆ, ಮಗು ಬೇಕೆನ್ನುವವರಿಗೆ ಅದನ್ನು ತಾವು ಹೇಳುವುದಿಲ್ಲ. ರಕ್ತ ಹೋಗುವುದನ್ನು ತಡೆಯುವ ಗುಳಿಗೆಯನ್ನು ಆ ದಿನಗಳಲ್ಲಷ್ಟೇ ತೆಗೆದುಕೊಳ್ಳಬಹುದು, ಮಗುವಿಗೆ ಪ್ರಯತ್ನಿಸಲು ಅದು ಅಡ್ಡಿಯಲ್ಲ, ಆದರೆ ರೋಗ ಇದ್ದಲ್ಲೇ ಇರುತ್ತದೆ. ಹಾರ್ಮೋನಿನ ಗುಳಿಗೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ತುಂಬಿದ ವಂಕಿ, ಇವು ರೋಗವನ್ನು ಅಮುಕಿ ಹಿಡಿಯುತ್ತವೆ. ಹಿಡಿದಷ್ಟು ಕಾಲ ಗರ್ಭ ನಿಲ್ಲುವುದಿಲ್ಲ. ಗರ್ಭಕೋಶ ತೆಗೆದರೆ ರಕ್ತವೂ ನಿಂತಿತು, ಮಗುವಿನ ಮಾತೂ ಮುಗಿಯಿತು. ಹಾಗೆ ತೆಗೆದರೂ ಅಂಡಾಶಯಗಳನ್ನು ಉಳಿಸುತ್ತೇವೆ ಎಂದರು. ಈ ಕೊನೆಯ ಮಾತು ಬಂದಾಗ ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಅಥವಾ ಆಮೇಲೆ ನಡೆದದ್ದು ಗೊತ್ತಿರುವುದರಿಂದ ನಾನು ಅವರ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದೇನೆ.

ಕ್ಯಾಮೆರಾದ ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾಯಿತು. ಮೊದಲು ರಕ್ತ ಏರಬೇಕಿತ್ತು. ನರದ ಮೂಲಕ ಕಬ್ಬಿಣಾಂಶ ಹಾಕಿದರು. ಜೊತೆಗೆ ತಿಂಗಳಿಗೊಂದು ಇಂಜೆಕ್ಷನ್. ಅದು ಮುಟ್ಟನ್ನು ನಿಲ್ಲಿಸಿ, ದೇಹಕ್ಕೆ ಸುಳ್ಳೇ ವಯಸ್ಸಾಯಿತೆಂದು ನಂಬಿಸುವ ಮದ್ದು. ಬಹಳ ದಿನ ಕೊಡುವಂತಿಲ್ಲ, ಮೂಳೆ ಸವೆಯುತ್ತದೆ, ನಿಲ್ಲಿಸಿದರೆ ಎಲ್ಲ ಮರಳುತ್ತದೆ.

ಎರಡನೆಯ ಇಂಜೆಕ್ಷನ್ ಆದ ಮೇಲೆ ಒಂದು ಮಧ್ಯಾಹ್ನ ನಾನೂ ಅತ್ತೆಯೂ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಎದೆಯಿಂದ ಬಿಸಿ ಎದ್ದು ಮುಖಕ್ಕೆ ಹತ್ತಿತು, ಕುತ್ತಿಗೆ ಬೆವರಿಳಿಯಿತು. ಚಳಿಗಾಲ. ಮೊರದಿಂದಲೇ ಗಾಳಿ ಹಾಕಿಕೊಳ್ಳತೊಡಗಿದೆ. ಕಾಳು ಚೆಲ್ಲಿದವು.

“ಏನಾತು ಲೇ?”

“ಸೂಜಿ ಮಾಡಿದ್ದರ ಗುಣ ಅತ್ತಿ. ಮುಟ್ಟು ನಿಂತವರಿಗೆ ಹಿಂಗಾಗತೈತಂತ. ಒಳಗಿಂದ ಬೆಂಕಿ ಬಂದಂಗ.”

ಅತ್ತೆಯ ಕೈ ನಿಂತಿತು. “ಕಿವಿ ಬಿಸಿ ಆಗತಾವೇನು? ಆಮ್ಯಾಲೆ ಒಮ್ಮೆಗೇ ತಣ್ಣಗ?”

“ಹೌದು.”

“ನನಗ ಆಗಿತ್ತಲ್ಲ. ಚೀಲ ತಗಸಿ ಬಂದ ವಾರದಾಗ. ನಿನ್ನ ಗಂಡ ಇನ್ನ ಶಾಲಿಗೆ ಸೇರಿದ್ದಿಲ್ಲ. ಮೈಯಾಗ ದೆವ್ವ ಬಂದೈತಿ ಅಂತ ಅಂತ್ರ ಕಟ್ಟಿಸಿದ್ರು. ವರ್ಷಗಟ್ಲೆ ಆತು.”

ವಿಜ್ಞಾನ ಕಲಿಸುವವಳು ನಾನು. ಬರೀ ಗರ್ಭಕೋಶ ತೆಗೆದರೆ ಒಂದು ವಾರದಲ್ಲಿ ಹಾಗಾಗುವುದಿಲ್ಲ, ಅಂಡಾಶಯಗಳನ್ನೂ ತೆಗೆದಿರಬೇಕು ಎಂದು ತಕ್ಷಣ ಹೊಳೆಯಿತು. ಹೇಳಲಿಲ್ಲ. ಮುಂದಿನ ಸಲ ದಾವಣಗೆರೆಯಲ್ಲಿ ಅತ್ತೆಯೇ ಕೇಳಿದರು: “ಮೇಡಂ, ನನ್ನೊಳಗಿಂದ ಏನೇನು ತಗದಾರ ಅಂತ ಈಗ ಗೊತ್ತಾಗತೈತೇನ್ರಿ?” ಅವರ ಬಳಿ ಆ ಕಾಲದ ಚೀಟಿಯೊಂದೂ ಇರಲಿಲ್ಲ. ಡಾಕ್ಟರ್ ಅವರನ್ನೂ ಮಲಗಿಸಿ ಸ್ಕ್ಯಾನ್ ಮಾಡಿ, ಅಂಡಾಶಯಗಳು ಕಾಣುತ್ತಿಲ್ಲ, ಈ ವಯಸ್ಸಿನಲ್ಲಿ ಇದ್ದರೂ ಕಾಣದೇ ಇರಬಹುದು, ಆದರೆ ನೀವು ಹೇಳುವುದು ಕೇಳಿದರೆ ತೆಗೆದಿದ್ದಾರೆ ಅನಿಸುತ್ತದೆ ಎಂದರು. ಸೊಂಟದ ನೋವಿಗೆ ಮೂಳೆಯ ಪರೀಕ್ಷೆ ಮಾಡಿಸಿ ಎಂದೂ ಬರೆದುಕೊಟ್ಟರು.

ಬಸ್ಸು ಹರಪನಹಳ್ಳಿ ದಾಟಿದ ಮೇಲೆ ಅತ್ತೆ ಒಂದು ಮಾತು ಆಡಿದರು. “ಬಿಳಿ ಮುಟ್ಟು ಹೋಗತೈತಿ ಅಂತ ತೋರಿಸಾಕ ಹೋಗಿದ್ದೆ ನಾನು. ಅಷ್ಟಕ್ಕ.”

ಅವತ್ತಿನಿಂದ ಚೀಲ ತಗಿಸು ಎಂದು ಅವರು ಹೇಳಲಿಲ್ಲ.

ಚಿಕ್ಕ ಗಂಟನ್ನು ತೆಗೆದರು. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದೆ. ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೆ ಮುಟ್ಟು ಮರಳಿತು, ಮೊದಲಿನ ಜೋರಿರಲಿಲ್ಲ, ನೋವು ಮಾತ್ರ ಇತ್ತು. ಪ್ರಯತ್ನ ಮಾಡಿ, ಮುಂದೂಡಬೇಡಿ, ವಯಸ್ಸು ನಿಂತುಕೊಳ್ಳುವುದಿಲ್ಲ ಎಂದರು. ಮುಂದಿನ ಬೇಸಿಗೆಗೆ ಗರ್ಭ ನಿಂತಿತು.

ಇಲ್ಲಿ ಸಂತೋಷದ ಒಂದು ಪ್ಯಾರಾ ಬರೆಯಬೇಕು. ಬರೆದು ನೋಡಿದೆ. ಅದರಲ್ಲಿದ್ದ ಹೆಂಗಸು ನಾನಾಗಿರಲಿಲ್ಲ, ಹೊಡೆದು ಹಾಕಿದೆ. ನಾನು ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡಿಕೊಳ್ಳುತ್ತಿದ್ದೆ, ಅಷ್ಟೇ. ಎದೆಬಡಿತ ಕೇಳಿಸುವ ಸ್ಕ್ಯಾನಿಗೆ ಹೋಗುವ ಮೊದಲೇ ಒಂದು ದಿನ ಬಟ್ಟೆ ಕೆಂಪಾಯಿತು.

ಗೋಡೆಯೇ ಕಾರಣವೋ, ವಯಸ್ಸೋ, ಎರಡೂ ಅಲ್ಲವೋ ಖಚಿತವಾಗಿ ಹೇಳಲಾಗದು, ಆದರೆ ಅಡಿನೋಮಯೋಸಿಸ್ ಇದ್ದವರಲ್ಲಿ ಗರ್ಭ ಹೋಗುವುದು ಹೆಚ್ಚು ಎಂದರು ಡಾಕ್ಟರ್. ಒಂದೆರಡು ತಿಂಗಳಲ್ಲಿ ರಕ್ತಸ್ರಾವ ಮತ್ತೆ ಜೋರಾಯಿತು. ಹಿಮೋಗ್ಲೋಬಿನ್ ಇಳಿಯಿತು. ಈಗ ದಾರಿಗಳು ಕಡಿಮೆಯಾಗಿದ್ದವು. ಮತ್ತೆ ಆ ಬಿಸಿಯೆಬ್ಬಿಸುವ ಇಂಜೆಕ್ಷನ್ ಕೊಟ್ಟು ಗೋಡೆಯನ್ನು ಕುಗ್ಗಿಸಿ, ಹೊರಗೆ ಬೆಳೆಸಿದ ಭ್ರೂಣವನ್ನು ಒಳಗಿಡುವುದು ಒಂದು. ಗರ್ಭಕೋಶ ತೆಗೆಸುವುದು ಒಂದು. ಇನ್ನೊಂದು, ಹಾರ್ಮೋನಿನ ವಂಕಿ. ಒಳಗಿನ ಗಂಟು ಹೋಗಿದ್ದರಿಂದ ಈಗ ಅದು ನಿಲ್ಲಬಹುದು. ಗರ್ಭಕೋಶ ದೊಡ್ಡದಾದ್ದರಿಂದ ಜಾರಿಬೀಳಲೂಬಹುದು.

“ವಂಕಿ ಹಾಕಿದ್ರೆ ಕಾಲ ಹೋಗುತ್ತೆ, ಅದು ಗೊತ್ತಿರಲಿ. ನಿಮ್ಮ ಅಂಡಾಣುಗಳಿಗೆ ವಯಸ್ಸಾಗ್ತಾನೇ ಇರುತ್ತೆ. ಆದ್ರೆ ತೆಗೆದ್ರೆ ಮತ್ತೆ ಪ್ರಯತ್ನ ಮಾಡಬಹುದು. ಗರ್ಭಕೋಶ ತೆಗೆದ್ರೆ ಅದಾಗಲ್ಲ.”

ನನಗೆ ಇನ್ನೊಂದು ಗರ್ಭ ಹೋಗುವುದನ್ನು ನೋಡುವ ಶಕ್ತಿ ಆಗ ಇರಲಿಲ್ಲ. ಬಾಗಿಲು ಮುಚ್ಚಿ ಇಟ್ಟಿಗೆ ಕಟ್ಟುವ ಧೈರ್ಯವೂ ಇರಲಿಲ್ಲ. ವಂಕಿ ಹಾಕಿಸಿಕೊಂಡೆ.

ನಮ್ಮ ಕಡೆ ವಂಕಿ ಎಂದರೆ ಇನ್ನು ಮಕ್ಕಳು ಸಾಕು ಎನ್ನುವವರು ಹಾಕಿಸಿಕೊಳ್ಳುವುದು. ಇದು ಬೇರೆ ವಂಕಿ, ರಕ್ತ ಕಡಿಮೆ ಮಾಡುವುದಕ್ಕೆ ಎಂದು ಎಷ್ಟು ಹೇಳಿದರೂ ಕೂಡ್ಲಿಗಿಯ ನನ್ನ ತಾಯಿ ಫೋನಿನಲ್ಲಿ ಅತ್ತಳು. “ಯವ್ವಾ, ಒಂದೂ ಇಲ್ದಾಕಿ ವಂಕಿ ಹಾಕಿಸ್ಕೊಂಡ್ರ ಮಂದಿ ಏನಂತಾರ? ಉಂಡು ತುಂಬಿದಾಕಿ ಬಾಯಿ ತೊಳಕೊಂತಾಳ, ಹಸದಾಕಿ ತೊಳಕೊಂಡಂಗಾತು.” ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡರು. “ಬೀಗತಿ, ಇದು ಬೇಕಂದಾಗ ತಗಿಯೋದು ಐತಿ. ನನ್ನ ಹೊಟ್ಯಾಗಿಂದು ತಗದ್ರಲ್ಲ, ಅದನ್ನ ಯಾರರ ಹಾಕಿಕೊಡ್ತಾರೇನು? ಸುಮ್ಕಿರು ನೀ.”

ಮೊದಲ ಕೆಲವು ತಿಂಗಳು ಹನಿ ಹನಿ ಕಾಣುತ್ತಲೇ ಇತ್ತು. ಜಗಲಿಯ ಕಡೆ ಹೋಗಲೇ ಆಗಲಿಲ್ಲ, ಪಾಪ ಅತ್ತೆಯೇ ಬಗ್ಗಬೇಕಾಯಿತು. ಆಮೇಲೆ ಅದು ನಿಂತಿತು. ನೋವು ತಗ್ಗಿತು. ಬಸ್ಸಿನಲ್ಲಿ ಕೂತೆ. ತಿಳಿಹಳದಿ ಸೀರೆ ಉಟ್ಟೆ. ದಿನವೂ ಜಗಲಿ ಒರೆಸಿ ದೀಪ ಹಚ್ಚಿದೆ, ಒಂದು ದಿನವೂ ತಪ್ಪದೆ.

ಎದುರು ಮನೆಯಾಕೆ ಇದನ್ನು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಬತ್ತಿ ಸರಿ ಮಾಡುತ್ತಿದ್ದಾಗ ಆಕೆ ಒಳಗೇ ಬಂದಳು. ಸೆರಗಿನಲ್ಲಿ ಹಸಿ ಹುಣಸೆಕಾಯಿ. ನನ್ನ ಕೈಗೆ ಸುರಿದಳು.

“ನಮ್ಮ ಹೊಲದವು. ಬಾಯಿ ಒಗರೊಗರು ಆಗತೈತಿ ಈಗ, ತಿನ್ನು. ಏನಕ್ಕಾ, ಮಂದಿಗೆ ಹೇಳದಂಗ ಮುಚ್ಚಿ ಇಟ್ಟೀಯಲ್ಲ? ಬಸುರಿ ಸೊಸಿಗೆ ಕುಬಸ ಯಾವಾಗ?”

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಅವರಿಗೆ ಒಂದು ಮಾತು ಸಾಕಿತ್ತು.

“ಕಾಯಿ ಚಲೋ ಅದಾವ” ಎಂದರು. “ಚಟ್ನಿಗೆ ಬರ್ತಾವ.”

ಆಕೆ ಹೋದ ಮೇಲೆ ಕೇಳಿದೆ. “ಅಲ್ಲ ಅಂತ ಹೇಳಬಾರದಾಗಿತ್ತೇನು ಅತ್ತಿ?”

“ಹೇಳಬೇಕಾಗಿತ್ತು” ಎಂದರು ಅತ್ತೆ. “ಬಾಯಿಗೆ ಬರಲಿಲ್ಲ.”

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡನಿಗೆ ಆ ಸುದ್ದಿ ಅಂಗಡಿಯಲ್ಲೇ ಮುಟ್ಟಿತ್ತು. ಪೈಪು ಒಯ್ಯಲು ಬಂದ ಯಾರೋ ಕೈ ಕುಲುಕಿದ್ದರಂತೆ. ಹುಣಸೆಕಾಯಿ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ಕೂತವರು ತಿನ್ನಲಿಲ್ಲ.

“ನೀವೇನಂದ್ರಿ?” ಎಂದೆ.

“ಏನೂ ಅನ್ನಲಿಲ್ಲ. ಥ್ಯಾಂಕ್ಸ್ ಅಂದೆ.” ರೊಟ್ಟಿಯನ್ನು ತಟ್ಟೆಗಿಟ್ಟು, “ಆ ಒಂದ್ ನಿಮಿಷ ಚಲೋ ಅನಿಸ್ತು” ಎಂದರು.

ಏನ್ ಮಾಡ್ತಿ ಮಾಡು ಎಂದಿದ್ದ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿಸಿದ್ದು ಅದೇ. ಅವರು ತಲೆಯೆತ್ತದೆ ಕೇಳಿದರು: “ಅದನ್ನ ಯಾವಾಗ ತಗಸೋಣು?”

ನಾನು ಕೊಟ್ಟ ಉತ್ತರ ನನಗೆ ನೆನಪಿಲ್ಲ. ಬೇಸಿಗೆ ರಜೆಯಲ್ಲಿ ತೆಗೆಸೋಣ ಅಂದೆ ಎನ್ನುತ್ತಾರೆ ಅವರು. ಇನ್ನೂ ಸ್ವಲ್ಪ ದಿನ ನನ್ನ ಪಾಡಿಗೆ ಬಿಡಿ ಅಂದೆ ಎನ್ನುತ್ತಾರೆ ಅತ್ತೆ. ಇಬ್ಬರೂ ಅಲ್ಲೇ ಕೂತಿದ್ದರು, ಇಬ್ಬರೂ ಆಣೆ ಮಾಡಿ ಹೇಳುತ್ತಾರೆ. ಎರಡನ್ನೂ ಅಂದಿರಬಹುದು.

ರಜೆ ಬಂದಿದೆ. ವಂಕಿ ಒಳಗೇ ಇದೆ. ದಾವಣಗೆರೆಯ ಡಾಕ್ಟರನ್ನು ಕಾಣಲು ಬರುವ ಸೋಮವಾರಕ್ಕೆ ಹೇಳಿಟ್ಟಿದ್ದೇನೆ. ತೆಗೆಸುವುದಕ್ಕೋ, ಸರಿಯಾಗಿ ಕೂತಿದೆಯೇ ಎಂದು ನೋಡಿಸುವುದಕ್ಕೋ, ಫೋನಿನಲ್ಲಿ ಕೇಳಿದ ಹುಡುಗಿಗೆ ಹೇಳಲಿಲ್ಲ. ಎದುರು ಮನೆಯಾಕೆ ನನ್ನ ಹೊಟ್ಟೆ ನೋಡುವುದನ್ನು ಬಿಟ್ಟಿದ್ದಾಳೆ. ಜಗಲಿಯನ್ನು ನೋಡುವುದನ್ನು ಬಿಟ್ಟಿಲ್ಲ. ಈ ಬೆಳಿಗ್ಗೆಯೂ ದೀಪ ನಾನೇ ಹಚ್ಚಿದೆ.